ಆಮ್ಲವೋ, ಪ್ರತ್ಯಾಮ್ಲವೋ, ಲವಣವೋ: ಯಾವ ಕೊಳೆಗೆ ಯಾವುದು?

ವಿನಿಗರ್, ಅಡುಗೆ ಸೋಡಾ, ಉಪ್ಪು ಈ ಮೂರೂ ಅಡುಗೆಮನೆಯಲ್ಲಿ ಅಕ್ಕಪಕ್ಕದಲ್ಲೇ ಇರುತ್ತವೆ. ಮೂರೂ ಕೊಳೆ ತೆಗೆಯುತ್ತವೆ ಎಂಬ ಮಾತೂ ಇದೆ. ಆದರೆ ಕೆಟಲ್ಲಿನ ತಳದಲ್ಲಿ ಕಟ್ಟಿದ ಬಿಳಿ ಹಕ್ಕಳೆಗೆ ಸೋಡಾ ಹಾಕಿ ಉಜ್ಜಿದರೆ ತೋಳು ನೋಯುತ್ತದೆಯೇ ಹೊರತು ಹಕ್ಕಳೆ ಅಲ್ಲಾಡುವುದಿಲ್ಲ. ಒಲೆಯ ಮೇಲಿನ ಜಿಡ್ಡಿಗೆ ವಿನಿಗರ್ ಸುರಿದರೂ ಕಥೆ ಅದೇ. ಎರಡನ್ನೂ ಬೆರೆಸಿದರೆ ಬುಸ್ಸೆಂದು ನೊರೆ ಬರುತ್ತದೆ, ಕೆಲಸ ಮಾತ್ರ ಇನ್ನೂ ಕಡಿಮೆ ಆಗುತ್ತದೆ. ಮೂರರಲ್ಲಿ ಯಾವುದನ್ನು ಆರಿಸಬೇಕು ಎಂಬುದಕ್ಕೆ ರಸಾಯನಶಾಸ್ತ್ರದಲ್ಲಿ ಸಾಕಷ್ಟು ಖಚಿತವಾದ ಉತ್ತರವಿದೆ.

ಮೊದಲು ಮೂರರ ಗುರುತು. ನೀರಿನಲ್ಲಿ ಹೈಡ್ರೋಜನ್ ಅಯಾನನ್ನು (H⁺) ಬಿಟ್ಟುಕೊಡುವುದು ಆಮ್ಲ. ಅದನ್ನು ಹಿಡಿದುಕೊಳ್ಳುವುದು, ಅಥವಾ ಹೈಡ್ರಾಕ್ಸೈಡ್ ಅಯಾನನ್ನು (OH⁻) ಕೊಡುವುದು ಪ್ರತ್ಯಾಮ್ಲ. ಇವೆರಡೂ ಒಂದಕ್ಕೊಂದು ಸೇರಿದಾಗ H⁺ ಮತ್ತು OH⁻ ಕೂಡಿ ನೀರಾಗುತ್ತವೆ, ಉಳಿದ ಎರಡು ತುಂಡುಗಳು ಸೇರಿ ಲವಣವಾಗುತ್ತವೆ. ಅಡುಗೆ ಉಪ್ಪು ಅಂಥ ಸಾವಿರಾರು ಲವಣಗಳಲ್ಲಿ ಒಂದು, ಅಷ್ಟೆ. ಅಡುಗೆ ಸೋಡಾ ಕೂಡ ಒಂದು ಲವಣವೇ, ವಾಷಿಂಗ್ ಸೋಡಾ ಕೂಡ. ಕೆಟಲ್ಲಿನ ಹಕ್ಕಳೆಯೂ ಲವಣ, ಸಾಬೂನೂ ಲವಣ. ಆದ್ದರಿಂದ ಹೆಸರು ನೋಡಿ ಆರಿಸುವುದು ಮೋಸ. ನೀರಿಗೆ ಹಾಕಿದಾಗ ಅದು ಹೇಗೆ ವರ್ತಿಸುತ್ತದೆ ಎಂಬುದನ್ನು ನೋಡಬೇಕು.

ಯಾವುದರ ಮೇಲೆ ಅಳೆಯುವುದು

ಆಯ್ಕೆಗೆ ಮೂರು ಪ್ರಶ್ನೆಗಳು ಸಾಕು. ಕೊಳೆ ಯಾವುದರಿಂದ ಆಗಿದೆ? ಅದರ ಕೆಳಗಿರುವ ಮೇಲ್ಮೈ ಯಾವುದು? ಕೈಯಲ್ಲಿರುವ ದ್ರಾವಣ ಎಷ್ಟು ತೀಕ್ಷ್ಣ, ಮತ್ತು ಅದರಲ್ಲಿ ಎಷ್ಟು ಸರಕಿದೆ?

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಗಡಸು ನೀರು ಬಿಟ್ಟುಹೋದ ಸುಣ್ಣದ ಹಕ್ಕಳೆ, ಲೋಹದ ಕಿಲುಬು, ತುಕ್ಕು ಇವೆಲ್ಲ ಕಾರ್ಬೊನೇಟುಗಳು ಅಥವಾ ಆಕ್ಸೈಡುಗಳು. ಇವು ಆಮ್ಲಕ್ಕೆ ಸೋಲುತ್ತವೆ. ಎಣ್ಣೆ, ಕೊಬ್ಬು, ಸುಟ್ಟು ಅಂಟಿದ ಆಹಾರ ಪ್ರತ್ಯಾಮ್ಲಕ್ಕೆ ಸೋಲುತ್ತವೆ. ಎರಡನೆಯ ಪ್ರಶ್ನೆಯನ್ನು ಮರೆತಾಗಲೇ ವಸ್ತು ಹಾಳಾಗುವುದು. ಅಮೃತಶಿಲೆ ಮತ್ತು ಸುಣ್ಣದಕಲ್ಲು ಕೂಡ ಕ್ಯಾಲ್ಸಿಯಂ ಕಾರ್ಬೊನೇಟೇ, ಅಂದರೆ ಕೆಟಲ್ಲಿನ ಹಕ್ಕಳೆಯದೇ ಜಾತಿ. ಅವುಗಳ ಮೇಲೆ ನಿಂಬೆರಸ ಬಿದ್ದು ಮೂಡುವ ಮಂಕಾದ ಗುರುತು ನಿಜಕ್ಕೂ ಕಲೆಯಲ್ಲ, ಕಲ್ಲೇ ಕರಗಿ ಹೊಳಪು ಹೋದ ಜಾಗ. ಎಷ್ಟು ಒರೆಸಿದರೂ ಅದು ಹೋಗುವುದಿಲ್ಲ, ಮತ್ತೆ ಪಾಲಿಶ್ ಮಾಡಿಸಬೇಕು.

ಮೂರನೆಯ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತೀಕ್ಷ್ಣತೆಯ ಅಳತೆಗೆ ಪಿಹೆಚ್ ಎನ್ನುತ್ತಾರೆ; ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಸೋರೆನ್‌ಸೆನ್ 1909ರಲ್ಲಿ ಈ ಅಳತೆಯನ್ನು ತಂದರು. ಶುದ್ಧ ನೀರಿಗೆ 7. ಅದಕ್ಕಿಂತ ಕಡಿಮೆಯಾದರೆ ಆಮ್ಲದ ಕಡೆ, ಹೆಚ್ಚಾದರೆ ಪ್ರತ್ಯಾಮ್ಲದ ಕಡೆ. ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ವ್ಯತ್ಯಾಸ ಎಂಬುದನ್ನು ಮರೆಯಬಾರದು. ಅಡುಗೆ ಸೋಡಾ ದ್ರಾವಣ ಸುಮಾರು 8.3ರಲ್ಲಿ ನಿಲ್ಲುತ್ತದೆ, ವಾಷಿಂಗ್ ಸೋಡಾ 11ರ ಆಸುಪಾಸಿನಲ್ಲಿ. ನೋಡುವುದಕ್ಕೆ ಮೂರು ಅಂಕೆಗಳ ಅಂತರವೂ ಇಲ್ಲ, ಆದರೆ ಎರಡನೆಯದರಲ್ಲಿ ಹೈಡ್ರಾಕ್ಸೈಡ್ ಸುಮಾರು 500 ಪಟ್ಟು ಹೆಚ್ಚು. ಒಂದರ ಬದಲಿಗೆ ಇನ್ನೊಂದನ್ನು ಬಳಸಬಹುದು ಎಂಬ ಸಲಹೆ ಇಲ್ಲಿಯೇ ಬಿದ್ದುಹೋಗುತ್ತದೆ.

ಪಿಹೆಚ್ ಹೇಳದೇ ಬಿಡುವ ಸಂಗತಿಯೂ ಒಂದಿದೆ. ಅದು ಆ ಕ್ಷಣದಲ್ಲಿ ಬಿಡಿಯಾಗಿರುವ ಹೈಡ್ರೋಜನ್ ಅಯಾನನ್ನು ಮಾತ್ರ ಎಣಿಸುತ್ತದೆ, ದಾಸ್ತಾನನ್ನಲ್ಲ. ಶೇ. 5ರ ವಿನಿಗರಿನ ಪಿಹೆಚ್ ಸುಮಾರು 2.4. ಅದೇ 2.4 ಬರುವಷ್ಟು ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಮ್ಲ ಒಂದು ಲೀಟರ್ ತೆಗೆದುಕೊಂಡರೆ ಅದು ಕರಗಿಸುವ ಸುಣ್ಣ ಬರೀ 0.2 ಗ್ರಾಂ. ವಿನಿಗರ್ ಒಂದು ಲೀಟರ್ ಲೆಕ್ಕದ ಪ್ರಕಾರ 40 ಗ್ರಾಂ ಕರಗಿಸಬಲ್ಲದು. ವಿನಿಗರಿನಲ್ಲಿರುವ ಅಸಿಟಿಕ್ ಆಮ್ಲ ದುರ್ಬಲ. ತನ್ನ ಬಹುಪಾಲು ಹೈಡ್ರೋಜನ್ ಅನ್ನು ಹಿಡಿದಿಟ್ಟುಕೊಂಡು, ಖರ್ಚಾದಷ್ಟನ್ನೇ ಬಿಡುತ್ತ ಹೋಗುತ್ತದೆ. ಆದ್ದರಿಂದಲೇ ದುರ್ಬಲ ಆಮ್ಲ ಮನೆಗೆಲಸಕ್ಕೆ ಒಳ್ಳೆಯದು. ಕೈಗೆ ಮೃದು, ಕೊಳೆಯ ಮುಂದೆ ಬೇಗ ಸುಸ್ತಾಗದು.

ಆಮ್ಲ: ಕೆಟಲ್ಲಿನ ಹಕ್ಕಳೆಯನ್ನೇ ತೆಗೆದುಕೊಳ್ಳೋಣ

ಇಲ್ಲಿ ಆಯ್ಕೆ ವಿನಿಗರ್ ಮತ್ತು ಸಿಟ್ರಿಕ್ ಆಮ್ಲದ ಪುಡಿಯ ನಡುವೆ. ಅರ್ಧ ಲೀಟರ್ ವಿನಿಗರ್ ಮತ್ತು 30 ಗ್ರಾಂ ಸಿಟ್ರಿಕ್ ಆಮ್ಲ, ಎರಡಕ್ಕೂ ಲೆಕ್ಕದಲ್ಲಿ ಒಂದೇ ಶಕ್ತಿ: ಸುಮಾರು 21 ಗ್ರಾಂ ಸುಣ್ಣ. ಎರಡರಲ್ಲೂ ಕೊನೆಯ ಪಾಲು ಆಮ್ಲ ತೀರಾ ನಿಧಾನವಾಗಿ ವರ್ತಿಸುವುದರಿಂದ ಪ್ರತ್ಯಕ್ಷದಲ್ಲಿ ಅಷ್ಟು ಸಿಗುವುದಿಲ್ಲ. ಪುಡಿ ಜಾಗ ಹಿಡಿಯುವುದಿಲ್ಲ, ವಾಸನೆಯೂ ಇಲ್ಲ. ವಿನಿಗರಿನ ವಾಸನೆ ಪ್ಲಾಸ್ಟಿಕ್ ಕೆಟಲ್ಲಿನಲ್ಲಿ ಎರಡು ಮೂರು ಸಲ ಕುದಿಸಿ ಚೆಲ್ಲುವವರೆಗೂ ಉಳಿದೀತು.

ಹಾಗಾದರೆ ಪುಡಿಯೇ ಗೆಲ್ಲಬೇಕಲ್ಲ? ಬಹುತೇಕ ಹೌದು, ಆದರೆ ಒಂದು ಷರತ್ತಿನ ಮೇಲೆ. ವಿನಿಗರ್ ಸುಣ್ಣದ ಜೊತೆ ಸೇರಿ ಆಗುವ ಕ್ಯಾಲ್ಸಿಯಂ ಅಸಿಟೇಟ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಸಿಟ್ರಿಕ್ ಆಮ್ಲದಿಂದ ಆಗುವ ಕ್ಯಾಲ್ಸಿಯಂ ಸಿಟ್ರೇಟ್ ಕಷ್ಟದಲ್ಲಿ ಕರಗುತ್ತದೆ, ನೀರು ಬಿಸಿಯಾದಷ್ಟೂ ಇನ್ನೂ ಕಡಿಮೆ. ಸಿಟ್ರಿಕ್ ಆಮ್ಲ ಹಾಕಿ ಕುದಿಸಿದವರಿಗೆ ತಳದಲ್ಲಿ ಮತ್ತೆ ಬಿಳಿ ಪುಡಿ ಕಂಡರೆ ಅದು ಹಳೆಯ ಹಕ್ಕಳೆಯಲ್ಲ, ಹೊಸದಾಗಿ ಹುಟ್ಟಿದ ಸಿಟ್ರೇಟ್. ಅದು ಇನ್ನೂ ಹಟಮಾರಿ.

ಕ್ರಮ ಹೀಗಿರಲಿ. ಒಂದು ಲೀಟರ್ ಬೆಚ್ಚಗಿನ ನೀರಿಗೆ (ಕೈಗೆ ಹಿತವೆನಿಸುವಷ್ಟು, ಕುದಿಯುವಷ್ಟಲ್ಲ) 30 ಗ್ರಾಂ, ಅಂದರೆ ಎರಡು ದೊಡ್ಡ ಚಮಚ ಪುಡಿ ಕರಗಿಸಿ ಕೆಟಲ್ಲಿಗೆ ಹಾಕಿ. ತಕ್ಷಣ ಸಣ್ಣ ಗುಳ್ಳೆಗಳು ಏಳುತ್ತವೆ. ಅದು ಕಾರ್ಬೊನೇಟಿನಿಂದ ಹೊರಡುವ ಇಂಗಾಲದ ಡೈಆಕ್ಸೈಡ್. ಅರ್ಧ ಗಂಟೆ ಬಿಡಿ. ಗುಳ್ಳೆ ನಿಂತರೆ ಎರಡರಲ್ಲಿ ಒಂದಾಗಿದೆ: ಹಕ್ಕಳೆ ಮುಗಿದಿದೆ, ಅಥವಾ ಆಮ್ಲ ಮುಗಿದಿದೆ. ತಿಳಿಯಲು ಅರ್ಧ ಚಮಚ ಹೊಸ ಪುಡಿ ಹಾಕಿ ನೋಡಿ. ಮತ್ತೆ ಗುಳ್ಳೆ ಎದ್ದರೆ ಆಮ್ಲ ಸೋತಿತ್ತು ಎಂದರ್ಥ, ಹಳೆಯದನ್ನು ಚೆಲ್ಲಿ ಹೊಸ ದ್ರಾವಣ ತುಂಬಿ. ಏಳದಿದ್ದರೂ ಬಿಳಿ ಪದರ ಉಳಿದಿದ್ದರೆ ಅದು ಕಾರ್ಬೊನೇಟ್ ಅಲ್ಲ. ಸಿಲಿಕೇಟ್ ಆಗಿದ್ದರೆ ಯಾವ ಅಡುಗೆಮನೆಯ ಆಮ್ಲಕ್ಕೂ ಬಗ್ಗದು. ಕೊನೆಗೆ ಎರಡು ಸಲ ತೊಳೆದು, ಒಮ್ಮೆ ಬರೀ ನೀರು ಕುದಿಸಿ ಚೆಲ್ಲಿ.

ಹಕ್ಕಳೆ ದಪ್ಪವಿದ್ದು ಬಿಸಿ ಮಾಡಲೇಬೇಕೆಂದಿದ್ದರೆ ವಿನಿಗರನ್ನೇ ಸಮಪಾಲು ನೀರಿನೊಂದಿಗೆ ಬಳಸಿ. ಶೌಚಾಲಯದ ಹಳೆಯ ಗಟ್ಟಿ ಹಕ್ಕಳೆಗೆ ಹೈಡ್ರೋಕ್ಲೋರಿಕ್ ಆಮ್ಲವಿರುವ ದ್ರವಗಳು ಬರುತ್ತವೆ. ಪಿಂಗಾಣಿಗೆ ಅವು ಸರಿ. ಸ್ಟೀಲ್ ನಲ್ಲಿಗೆ, ಟೈಲ್ಸ್ ನಡುವಿನ ಸಿಮೆಂಟಿಗೆ ಬೇಡವೇ ಬೇಡ.

ಪ್ರತ್ಯಾಮ್ಲ: ಜಿಡ್ಡಿನ ಲೆಕ್ಕ ಬೇರೆ

ಕೊಬ್ಬು ಮತ್ತು ಎಣ್ಣೆ ನೀರಿಗೆ ಸೇರುವುದಿಲ್ಲ. ತೀಕ್ಷ್ಣ ಪ್ರತ್ಯಾಮ್ಲ ಅವುಗಳ ಅಣುವನ್ನು ಒಡೆದು ಗ್ಲಿಸರಾಲ್ ಮತ್ತು ಸಾಬೂನು ಮಾಡುತ್ತದೆ, ಅಂದರೆ ಕೊಳೆಯೇ ತನ್ನನ್ನು ತೊಳೆಯುವ ಸಾಬೂನಾಗುತ್ತದೆ. ಇದು ನಡೆಯಲು ಪಿಹೆಚ್ ಎತ್ತರವಾಗಿರಬೇಕು, ಶಾಖ ಬೇಕು, ಸಮಯವೂ ಬೇಕು. 8.3ರ ಅಡುಗೆ ಸೋಡಾಕ್ಕೆ ಈ ಶಕ್ತಿ ಇಲ್ಲ ಎನ್ನಬಹುದು. ಅದು ತೆಗೆಯುವ ಕೊಳೆಯಲ್ಲಿ ಹೆಚ್ಚು ಪಾಲು ಅದರ ನುಣುಪು ಹರಳುಗಳ ಉಜ್ಜುವಿಕೆಯಿಂದ ಹೋಗುತ್ತದೆ. ಗೀರು ಬೀಳಬಾರದ ಕಡೆ ಪೇಸ್ಟ್ ಮಾಡಿ ಉಜ್ಜಲು, ವಾಸನೆಯ ಆಮ್ಲಗಳನ್ನು ಹೀರಲು ಅದು ಚೆನ್ನ. ಜಿಡ್ಡನ್ನು ನೆನೆಹಾಕಿ ತೆಗೆಯಲು ಅದನ್ನು ನೆಚ್ಚಬೇಡಿ.

ಜಿಡ್ಡಿಗೆ ವಾಷಿಂಗ್ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್. ಸುಟ್ಟ ಎಣ್ಣೆ ಅಂಟಿದ ಉಕ್ಕಿನ ತಟ್ಟೆಗೆ ಒಂದು ಲೀಟರ್ ಬಿಸಿನೀರಿನಲ್ಲಿ ಸುಮಾರು 30 ಗ್ರಾಂ ಕರಗಿಸಿ ಒಂದೆರಡು ಗಂಟೆ ನೆನೆಹಾಕಿ, ಕೈಗವಸು ಇರಲಿ. ತೆಗೆದ ಮೇಲೆ ಬೆರಳಿಗೆ ಜಾರುವಂತೆ ಅನಿಸುತ್ತದೆ. ಗವಸಿಲ್ಲದೆ ಮುಟ್ಟಿದರೆ ಅದೇ ಜಾರಿಕೆ ನಿಮ್ಮ ಚರ್ಮದ ಎಣ್ಣೆಯೂ ಸಾಬೂನಾಗುತ್ತಿರುವುದರ ಸೂಚನೆ.

ವಾಷಿಂಗ್ ಸೋಡಾ ಸಿಗದಿದ್ದರೆ ಅಡುಗೆ ಸೋಡಾದಿಂದಲೇ ಮಾಡಿಕೊಳ್ಳಬಹುದು. ಗಾಜಿನ ಅಥವಾ ಸ್ಟೀಲಿನ ತಟ್ಟೆಯಲ್ಲಿ ತೆಳ್ಳಗೆ ಹರಡಿ ಓವನ್ನಿನಲ್ಲಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟರೆ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಬಿಟ್ಟುಹೋಗಿ ಸೋಡಿಯಂ ಕಾರ್ಬೊನೇಟ್ ಉಳಿಯುತ್ತದೆ. ಪೂರ್ತಿ ಆಯಿತೇ ಎಂದು ತಿಳಿಯುವ ನಂಬಿಗಸ್ತ ವಿಧಾನ ತೂಕ: 100 ಗ್ರಾಂ ಹಾಕಿದ್ದು 63 ಗ್ರಾಂಗೆ ಇಳಿಯಬೇಕು. 75ರಲ್ಲಿ ನಿಂತಿದ್ದರೆ ಇನ್ನೂ ಇಡಿ.

ಈ ಪ್ರತ್ಯಾಮ್ಲದ ದೊಡ್ಡ ಬಲಿಪಶು ಅಲ್ಯೂಮಿನಿಯಂ. ಆ ಲೋಹವನ್ನು ಕಾಪಾಡುವ ತೆಳು ಆಕ್ಸೈಡ್ ಪದರಕ್ಕೆ ಒಂದು ವಿಚಿತ್ರ ಗುಣವಿದೆ: ತೀಕ್ಷ್ಣ ಆಮ್ಲದಲ್ಲೂ ಕರಗುತ್ತದೆ, ತೀಕ್ಷ್ಣ ಪ್ರತ್ಯಾಮ್ಲದಲ್ಲೂ ಕರಗುತ್ತದೆ. ವಾಷಿಂಗ್ ಸೋಡಾದಲ್ಲಿ ನೆನೆಸಿದ ಅಲ್ಯೂಮಿನಿಯಂ ಪಾತ್ರೆ ಕಪ್ಪಾಗಿ, ಗುಳ್ಳೆ ಬಿಡಲು ಶುರುಮಾಡಿದರೆ ಅದು ಹೈಡ್ರೋಜನ್ ಅನಿಲ, ಲೋಹ ತಿನ್ನಲ್ಪಡುತ್ತಿದೆ. ಅಂಟದ ಲೇಪವಿರುವ ಎಷ್ಟೋ ಬಾಣಲೆಗಳ ಒಡಲೂ ಅಲ್ಯೂಮಿನಿಯಮ್ಮೇ, ಅಡಿಭಾಗ ಬೋಳಾಗಿರುತ್ತದೆ ಎಂಬುದನ್ನು ನೆನಪಿಡಿ. ಅಲ್ಲಿಗೆ ಪಾತ್ರೆ ತೊಳೆಯುವ ಸಾಮಾನ್ಯ ದ್ರವವೇ ಸರಿ.

ಕಟ್ಟಿಕೊಂಡ ಪೈಪಿನ ಕೊಬ್ಬಿಗೆ ಮಾತ್ರ ಕಾಸ್ಟಿಕ್ ಸೋಡಾ ಬೇಕಾಗಬಹುದು. ಅದು ಕರಗುವಾಗ ಜೋರಾಗಿ ಬಿಸಿಯಾಗುತ್ತದೆ, ಆದ್ದರಿಂದ ತಣ್ಣೀರಿಗೆ ಪುಡಿಯನ್ನು ಸ್ವಲ್ಪಸ್ವಲ್ಪವೇ ಹಾಕಬೇಕು, ಪುಡಿಯ ಮೇಲೆ ನೀರು ಸುರಿಯಬಾರದು. ಸುರಿದರೆ ಕುದಿದು ಮೇಲಕ್ಕೆ ಸಿಡಿಯುತ್ತದೆ. ಕಣ್ಣಿಗೆ ಬಿದ್ದ ಕ್ಷಾರ ಆಮ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ, ಹಾಗಾಗಿ ಕನ್ನಡಕ ಹಾಕಿಯೇ ಕೆಲಸ ಮಾಡಿ. ಬಿದ್ದರೆ ತಕ್ಷಣ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ವೈದ್ಯರ ಬಳಿ ಹೋಗಬೇಕು. ಅದಕ್ಕೆ ಆಮ್ಲ ಹಾಕಿ ತಟಸ್ಥ ಮಾಡಲು ಹೋಗಬಾರದು.

ಲವಣ: ನಡುವಿನವನು ಎಂದುಕೊಳ್ಳಬೇಡಿ

ಆಮ್ಲಕ್ಕೂ ಪ್ರತ್ಯಾಮ್ಲಕ್ಕೂ ಹುಟ್ಟಿದ ಲವಣ ತಟಸ್ಥ ಎಂದು ಶಾಲೆಯಲ್ಲಿ ಕಲಿತದ್ದು ಅರ್ಧ ಸತ್ಯ. ಹೆತ್ತವರಲ್ಲಿ ಯಾರು ಬಲಶಾಲಿಯೋ ಅವರ ಗುಣ ಲವಣಕ್ಕೆ ಬರುತ್ತದೆ. ಬಲವಾದ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಬಲವಾದ ಕಾಸ್ಟಿಕ್ ಸೋಡಾದಿಂದ ಆದ ಅಡುಗೆ ಉಪ್ಪು 7ರಲ್ಲೇ ನಿಲ್ಲುತ್ತದೆ. ದುರ್ಬಲ ಕಾರ್ಬೊನಿಕ್ ಆಮ್ಲ ಮತ್ತು ಬಲವಾದ ಕಾಸ್ಟಿಕ್ ಸೋಡಾದಿಂದ ಆದ ಎರಡೂ ಸೋಡಾಗಳು ಪ್ರತ್ಯಾಮ್ಲದ ಕಡೆ ವಾಲುತ್ತವೆ. ಪಟಿಕದಲ್ಲಿ ಬಲವಾದದ್ದು ಸಲ್ಫ್ಯೂರಿಕ್ ಆಮ್ಲ, ದುರ್ಬಲವಾದದ್ದು ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಅದರ ದ್ರಾವಣ ಆಮ್ಲೀಯ. ಆದ್ದರಿಂದ "ಲವಣ ಬಳಸಲೇ?" ಎಂಬ ಪ್ರಶ್ನೆಗಿಂತ "ಯಾವ ಲವಣ?" ಎಂಬುದೇ ಸರಿಯಾದ ಪ್ರಶ್ನೆ.

ಅಡುಗೆ ಉಪ್ಪನ್ನೇ ತೆಗೆದುಕೊಂಡರೆ, ಒಬ್ಬಂಟಿಯಾಗಿ ಅದು ಹರಳಾಗಿ ಉಜ್ಜುವುದನ್ನು ಬಿಟ್ಟು ಹೆಚ್ಚೇನೂ ಮಾಡದು. ಆಮ್ಲದ ಜೊತೆ ಸೇರಿದಾಗ ಮಾತ್ರ ಒಂದು ಕಡೆ ಮಿಂಚುತ್ತದೆ: ತಾಮ್ರ ಮತ್ತು ಹಿತ್ತಾಳೆಯ ಕಿಲುಬು. ವಿನಿಗರ್ ಒಂದೇ ಹಾಕಿದರೆ ಕಿಲುಬು ನಿಧಾನವಾಗಿ ಹೋಗುತ್ತದೆ. 200 ಮಿಲಿಲೀಟರ್ ವಿನಿಗರಿಗೆ ಒಂದು ದೊಡ್ಡ ಚಮಚ ಉಪ್ಪು ಹಾಕಿದರೆ ಕಣ್ಣೆದುರೇ ಹೊಳಪು ಬರುತ್ತದೆ. ಆಮ್ಲ ಆಕ್ಸೈಡನ್ನು ಕರಗಿಸುತ್ತದೆ, ಉಪ್ಪಿನ ಕ್ಲೋರೈಡ್ ಬಿಡುಗಡೆಯಾದ ತಾಮ್ರದ ಅಯಾನನ್ನು ಹಿಡಿದುಕೊಂಡು ದ್ರಾವಣದಲ್ಲೇ ಉಳಿಸುತ್ತದೆ. ಹೊಳಪು ಬಂದ ಕೂಡಲೇ ಚೆನ್ನಾಗಿ ತೊಳೆದು ಒರೆಸಿ. ತೊಳೆಯದೆ ಬಿಟ್ಟರೆ ಅದೇ ಕ್ಲೋರೈಡ್ ಗಾಳಿಯ ಜೊತೆ ಸೇರಿ ಹಸಿರು ಕಿಲುಬನ್ನು ಮತ್ತೆ ತರುತ್ತದೆ. (ಬಳಸಿದ ದ್ರಾವಣಕ್ಕೆ ಉಜ್ಜಿ ಸ್ವಚ್ಛ ಮಾಡಿದ ಕಬ್ಬಿಣದ ಮೊಳೆ ಹಾಕಿ ನೋಡಿ, ಮೊಳೆಗೆ ತಾಮ್ರದ ಕವಚ ಬರುತ್ತದೆ.)

ಇದೇ ಕ್ಲೋರೈಡ್ ಸ್ಟೀಲಿಗೆ ಶತ್ರು. ತಣ್ಣೀರಿಗೆ ಉಪ್ಪು ಹಾಕಿ ಕರಗಿಸದೆ ಬಿಟ್ಟರೆ ಹರಳು ತಳದಲ್ಲಿ ಕೂತು, ಸ್ಟೀಲಿನ ರಕ್ಷಾಪದರವನ್ನು ಆ ಬಿಂದುವಿನಲ್ಲಿ ಒಡೆದು ಸೂಜಿಮೊನೆಯಷ್ಟು ಕುಳಿ ಮಾಡುತ್ತದೆ. ಕುಳಿ ಬಿದ್ದ ಮೇಲೆ ಏನು ಮಾಡಿದರೂ ಮುಚ್ಚದು. ನೀರು ಕುದಿದ ಮೇಲೆ ಉಪ್ಪು ಹಾಕುವುದು ಪಾತ್ರೆಗೆ ಒಳ್ಳೆಯದು.

ಎರಡನ್ನೂ ಬೆರೆಸಿದರೆ?

ಇಲ್ಲಿ ಲೆಕ್ಕ ಹಾಕಿಯೇ ನೋಡಬೇಕು. 100 ಮಿಲಿಲೀಟರ್ ವಿನಿಗರಿನಲ್ಲಿ 5 ಗ್ರಾಂ ಅಸಿಟಿಕ್ ಆಮ್ಲವಿದೆ. ಅದನ್ನು ಪೂರ್ತಿ ಮುಗಿಸಲು 7 ಗ್ರಾಂ ಅಡುಗೆ ಸೋಡಾ, ಅಂದರೆ ಒಂದೂವರೆ ಸಣ್ಣ ಚಮಚ ಸಾಕು.

NaHCO₃ + CH₃COOH → CH₃COONa + H₂O + CO₂

ಎರಡು ಲೀಟರಿನಷ್ಟು ಅನಿಲ ಹೊರಟುಹೋಗುತ್ತದೆ, ನೋಡಲು ಚೆಂದ. ಉಳಿಯುವುದು ಸುಮಾರು 7 ಗ್ರಾಂ ಸೋಡಿಯಂ ಅಸಿಟೇಟ್ ಕರಗಿದ ನೀರು. ಸುಣ್ಣ ಕರಗಿಸಲು ಆಮ್ಲವಿಲ್ಲ, ಜಿಡ್ಡು ಒಡೆಯಲು ಪ್ರತ್ಯಾಮ್ಲವಿಲ್ಲ. ನೊರೆ ಸಡಿಲವಾದ ಕಸವನ್ನು ಒಂದಿಷ್ಟು ಅಲುಗಾಡಿಸೀತು, ಅಷ್ಟೇ ಅದರ ಲಾಭ. ಈ ಮಿಶ್ರಣವನ್ನು ಬಾಟಲಿಯಲ್ಲಿ ಮುಚ್ಚಿಟ್ಟರಂತೂ ಅನಿಲದ ಒತ್ತಡಕ್ಕೆ ಒಡೆಯಬಹುದು.

ಆದರೆ ಎರಡೂ ಬೇಕಾಗುವ ಒಂದು ಕೊಳೆ ನಿಜವಾಗಿಯೂ ಇದೆ: ಸ್ನಾನದಮನೆಯ ಗಾಜು ಮತ್ತು ಟೈಲ್ಸ್ ಮೇಲಿನ ಮಂಜು ಮುಸುಕಿದಂಥ ಪದರ. ಗಡಸು ನೀರಿನ ಕ್ಯಾಲ್ಸಿಯಂ ಸಾಬೂನಿನ ಜೊತೆ ಸೇರಿ ಆದ, ನೀರಿನಲ್ಲಿ ಕರಗದ ಲವಣ ಅದು. ಸಾಬೂನು ಹಾಕಿ ಉಜ್ಜಿದಷ್ಟೂ ಹೆಚ್ಚಾಗುತ್ತದೆ, ಏಕೆಂದರೆ ನೀವು ಅದಕ್ಕೆ ಕಚ್ಚಾವಸ್ತು ಒದಗಿಸುತ್ತಿದ್ದೀರಿ. ವಿನಿಗರ್ ಅಥವಾ ಸಿಟ್ರಿಕ್ ಆಮ್ಲದ ಬೆಚ್ಚಗಿನ ದ್ರಾವಣ ಹಚ್ಚಿ 10 ನಿಮಿಷ ಬಿಟ್ಟರೆ ಕ್ಯಾಲ್ಸಿಯಂ ಕಳಚಿಕೊಂಡು ಕೊಬ್ಬಿನ ಆಮ್ಲ ಉಳಿಯುತ್ತದೆ. ಗಾಜು ಈಗ ಮಂಜಾಗಿ ಕಾಣದಿದ್ದರೂ ಮೇಣದಂತೆ ಜಿಗುಟಾಗಿರುತ್ತದೆ, ಬಹಳ ಮಂದಿ ಇಲ್ಲಿಗೇ ನಿಲ್ಲಿಸಿ ಒಂದು ವಾರದಲ್ಲಿ ಮತ್ತೆ ಮಸುಕಾಯಿತು ಎನ್ನುತ್ತಾರೆ. ಆಮ್ಲವನ್ನು ನೀರಿನಿಂದ ಪೂರ್ತಿ ತೊಳೆದು, ಆಮೇಲೆ ವಾಷಿಂಗ್ ಸೋಡಾದ ತೆಳು ದ್ರಾವಣ ಅಥವಾ ಪಾತ್ರೆ ತೊಳೆಯುವ ದ್ರವ ಹಚ್ಚಬೇಕು. ಒಂದಾದ ಮೇಲೊಂದು, ನಡುವೆ ನೀರು, ಒಟ್ಟಿಗೆ ಅಲ್ಲ.

ಬ್ಲೀಚ್ ಇರುವ ಕಡೆ ಇದೇ ಮಾತು ಜೀವದ ಪ್ರಶ್ನೆ. ಬ್ಲೀಚ್ ಎಂದರೆ ಸೋಡಿಯಂ ಹೈಪೊಕ್ಲೋರೈಟ್ ಎಂಬ ಲವಣ, ಪ್ರತ್ಯಾಮ್ಲದ ದ್ರಾವಣದಲ್ಲಿದ್ದರೆ ಮಾತ್ರ ಸ್ಥಿರ. ಅದಕ್ಕೆ ಆಮ್ಲ ತಗುಲಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಅಮೋನಿಯಾ ತಗುಲಿದರೆ ಕ್ಲೋರಮೀನ್ ಎಂಬ ವಿಷಗಾಳಿ. ನೆಲಕ್ಕೆ ಆಮ್ಲ ಹಾಕಿ ತೊಳೆದ ಮೇಲೆ ಆ ಹಸಿಯಲ್ಲೇ ಬ್ಲೀಚ್ ಸುರಿಯುವುದು ಕೂಡ ಬೆರೆಸಿದಂತೆಯೇ.

ಕೊಳೆ ಯಾವುದೆಂದು ಗೊತ್ತಾಗದಿದ್ದಾಗ

ಮೂಲೆಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ಹನಿ ವಿನಿಗರ್ ಇಟ್ಟು ಹತ್ತಿರದಿಂದ ನೋಡಿ. ಸಣ್ಣ ಗುಳ್ಳೆ ಎದ್ದರೆ ಅದು ಸುಣ್ಣ, ಅಥವಾ ಕೆಳಗಿನ ಕಲ್ಲೇ ಅಮೃತಶಿಲೆ. ಕೊಳೆಯೇ ಇಲ್ಲದ ಜಾಗದಲ್ಲಿ ಇನ್ನೊಂದು ಹನಿ ಇಟ್ಟರೆ ಯಾವುದೆಂದು ಗೊತ್ತಾಗುತ್ತದೆ. ಅಲ್ಲೂ ಗುಳ್ಳೆ ಬಂದರೆ ತಕ್ಷಣ ನೀರಿನಿಂದ ಒರೆಸಿ, ಆಮ್ಲದ ವಿಚಾರವನ್ನೇ ಬಿಡಿ. ಗುಳ್ಳೆ ಏಳದೆ ಹನಿ ಮುತ್ತಿನಂತೆ ಉಂಡೆಯಾಗಿ ನಿಂತರೆ ಮೇಲೆ ಜಿಡ್ಡಿದೆ. ಮೇಲ್ಮೈ ಅಲ್ಯೂಮಿನಿಯಂ ಅಲ್ಲದಿದ್ದರೆ ಬಿಸಿ ವಾಷಿಂಗ್ ಸೋಡಾ ಹಿಡಿಯಿರಿ. ಕೈಯಲ್ಲಿರುವ ಪುಡಿ ಅಡುಗೆ ಸೋಡಾವೋ ವಾಷಿಂಗ್ ಸೋಡಾವೋ ಎಂಬ ಅನುಮಾನವಿದ್ದರೆ ಪಿಹೆಚ್ ಕಾಗದದ ಒಂದು ಚೂರನ್ನು ದ್ರಾವಣಕ್ಕೆ ಅದ್ದಿ: 8ರ ಬಣ್ಣ ಬಂದರೆ ಮೊದಲನೆಯದು, 11ರದು ಬಂದರೆ ಎರಡನೆಯದು. ಕೆಂಪು ಲಿಟ್ಮಸ್ ಕಾಗದ ಇಲ್ಲಿ ಸಹಾಯಕ್ಕೆ ಬಾರದು, ಎರಡರಲ್ಲೂ ಅದು ನೀಲಿಯೇ ಆಗುತ್ತದೆ.